ರಷ್ಯನ್ ಕವಿತೆಯಲ್ಲಿ ಒತ್ತು ಎಲ್ಲಿದೆ?

ರಷ್ಯನ್ ಲಿಪಿಯ ನಾಲ್ಕೇ ಅಕ್ಷರಗಳ ಪದವೊಂದಿದೆ. ಮೊದಲ ಸ್ವರವನ್ನು ಒತ್ತಿ ‘ರೂಕಿ’ ಎಂದರೆ ಕೈಗಳು. ಎರಡನೆಯದನ್ನು ಒತ್ತಿ ‘ರುಕೀ’ ಎಂದರೆ ಕೈಯ, ಅಂದರೆ ಷಷ್ಠಿಯ ಏಕವಚನ. ಹೆಣ್ಣು ಕೇಳುವುದಕ್ಕೆ ರಷ್ಯನ್ನರು ‘ಕೈ ಬೇಡುವುದು’ ಎನ್ನುತ್ತಾರೆ, ಅಲ್ಲಿ ಬರುವುದು ‘ರುಕೀ’. ಅದನ್ನು ‘ರೂಕಿ’ ಎಂದು ಓದಿಕೊಂಡ ಅನುವಾದಕನ ಕೈಯಲ್ಲಿ ಮದುವೆಯ ಪ್ರಸ್ತಾಪವೇ ಮಾಯವಾಗುತ್ತದೆ. ಮಕ್ಕಳ ಪುಸ್ತಕ, ನಿಘಂಟು, ಪರಭಾಷಿಕರ ಪಠ್ಯಗಳಲ್ಲಿ ಬಿಟ್ಟರೆ ಒತ್ತಿನ ಗುರುತನ್ನು ಅಚ್ಚಿನಲ್ಲಿ ಹಾಕುವ ರೂಢಿಯಿಲ್ಲ. ಕವನ ಸಂಕಲನಗಳೂ ಬರಿದಾಗಿಯೇ ಇರುತ್ತವೆ.

ಒತ್ತು ಬಿದ್ದ ಸ್ವರ ನಮ್ಮ ಕಿವಿಗೆ ತುಸು ದೀರ್ಘವಾಗಿ ಕೇಳುತ್ತದೆ, ಆದ್ದರಿಂದ ಇಲ್ಲಿ ದೀರ್ಘಾಕ್ಷರದಲ್ಲೇ ಅದನ್ನು ತೋರಿಸಿದ್ದೇನೆ. ಆದರೆ ಇದು ನಮ್ಮ ಗುರುವಲ್ಲ. ಕನ್ನಡದ ಗುರು-ಲಘು ಅಕ್ಷರ ನೋಡಿದ ಕೂಡಲೇ ಗೊತ್ತಾಗುತ್ತದೆ. ರಷ್ಯನ್ ಒತ್ತು ಬರಹದಲ್ಲಿ ಕಾಣುವುದಿಲ್ಲ, ಪದದ ರೂಪ ಬದಲಾದಂತೆ ಜಾಗವನ್ನೂ ಬದಲಿಸುತ್ತದೆ.

ಹಾಗೆಂದು ಅದರ ಅಲೆದಾಟಕ್ಕೆ ಗೊತ್ತುಗುರಿ ಇಲ್ಲವೆಂದಲ್ಲ. ಅನೇಕ ನಪುಂಸಕ ನಾಮಪದಗಳು ಏಕವಚನದಿಂದ ಬಹುವಚನಕ್ಕೆ ಹೋಗುವಾಗ ಒತ್ತನ್ನು ಆ ಕಡೆಯಿಂದ ಈ ಕಡೆಗೆ ಹಾಕುತ್ತವೆ. ಮಾತು ಎಂಬರ್ಥದ ‘ಸ್ಲೋವ’ ಬಹುವಚನದಲ್ಲಿ ‘ಸ್ಲವಾ’ ಆಗುತ್ತದೆ. ಕಿಟಕಿ ಎಂಬರ್ಥದ ‘ಅಕ್ನೋ’ ಅದಕ್ಕೆ ತಿರುಗುಮುರುಗಾಗಿ ‘ಓಕ್ನ’ ಆಗುತ್ತದೆ. ಒತ್ತು ತಪ್ಪಿದ ‘ಒ’ಕಾರ ‘ಅ’ಕಾರದ ಕಡೆಗೆ ಜಾರುವುದನ್ನೂ ಇಲ್ಲಿ ಗಮನಿಸಬೇಕು. ವಾಚಕ ಒತ್ತು ತಪ್ಪಿದರೆ ಸ್ವರವೇ ಬೇರೆಯಾಗುತ್ತದೆ. ಒತ್ತು ಬಿದ್ದ ಸ್ವರದಿಂದಲೇ ಪ್ರಾಸ ಶುರುವಾಗುವುದರಿಂದ ಪ್ರಾಸವೂ ಕೆಡುತ್ತದೆ.

ಕ್ರಿಯಾಪದಗಳಲ್ಲಿ ಎರಡು ಚಲನೆಗಳು ಮತ್ತೆ ಮತ್ತೆ ಎದುರಾಗುತ್ತವೆ. ‘ಬರೆಯುತ್ತೇನೆ’ ಎನ್ನಲು ಒತ್ತು ಕೊನೆಗೆ, ‘ಪಿಶೂ’. ‘ಬರೆಯುತ್ತೀಯ’ ಎನ್ನುವಾಗ ಅದು ಹಿಂದಕ್ಕೆ ಸರಿದು ‘ಪೀಶಿಶ್’ ಆಗುತ್ತದೆ. ಭೂತಕಾಲದಲ್ಲಿ ಅನೇಕ ಚಿಕ್ಕ ಕ್ರಿಯಾಪದಗಳ ಸ್ತ್ರೀಲಿಂಗ ರೂಪ ಮಾತ್ರ ಕೊನೆಯ ಸ್ವರವನ್ನು ಒತ್ತುತ್ತದೆ. ‘ಇದ್ದಳು’ ಎನ್ನಲು ‘ಬಿಲಾ’, ‘ಇತ್ತು’ ಎನ್ನಲು ‘ಬೀಲ’. ಕೆಲವು ನುಡಿಗಟ್ಟುಗಳಲ್ಲಂತೂ ಹಿಂದಿನ ಉಪಸರ್ಗವೇ ನಾಮಪದದ ಒತ್ತನ್ನು ಕಸಿದುಕೊಳ್ಳುತ್ತದೆ. ‘ಕೈ ಹಿಡಿದು’ ಎಂಬಲ್ಲಿ ಕೇಳುವುದು ‘ಜ಼ಾ ರುಕು’, ಕೈಗೆ ಒತ್ತೇ ಇಲ್ಲ.

ಅರ್ಥದಿಂದ ತೀರ್ಮಾನವಾಗದ ಕಡೆ ಛಂದಸ್ಸು ನೆರವಿಗೆ ಬರುತ್ತದೆ. ಹಿಂದೆ ರಷ್ಯನ್ ಕವಿಗಳು ಪೋಲಿಷ್ ಪದ್ಧತಿಯಂತೆ ಸಾಲಿನ ಅಕ್ಷರಗಳನ್ನಷ್ಟೇ ಎಣಿಸುತ್ತಿದ್ದರು. ಪೋಲಿಷ್ ಭಾಷೆಯಲ್ಲಿ ಒತ್ತು ಸಾಮಾನ್ಯವಾಗಿ ಕೊನೆಯಿಂದ ಎರಡನೆಯ ಅಕ್ಷರದ ಮೇಲೆ ನಿಂತಿರುತ್ತದೆ. ಅಲೆಯುವ ಒತ್ತಿನ ರಷ್ಯನ್ನಿಗೆ ಅದು ಹೊಂದಲಿಲ್ಲ. 1735ರಲ್ಲಿ ತ್ರೆದಿಯಾಕೋವ್‌ಸ್ಕಿ, 1739ರಲ್ಲಿ ಲೊಮನೋಸವ್ ಒತ್ತನ್ನೇ ಆಧಾರ ಮಾಡಿಕೊಂಡ ಪದ್ಯರಚನೆಯನ್ನು ಪ್ರತಿಪಾದಿಸಿದರು. ಪುಷ್ಕಿನ್‌ನ ‘ಯೆವ್ಗೇನಿ ಅನೇಗಿನ್’ ಕಾವ್ಯ ಸಾಗುವ ನಾಲ್ಕು ಗಣಗಳ ಅಯಾಂಬಿಕ್ ಧಾಟಿ ಈ ದಾರಿಯದು.

ಈ ಧಾಟಿಯ ಸಾಲಿನಲ್ಲಿ ಎರಡು, ನಾಲ್ಕು, ಆರು, ಎಂಟನೆಯ ಅಕ್ಷರಗಳು ಒತ್ತಿನ ಸ್ಥಾನಗಳು. ಕೊನೆಯದನ್ನು ಬಿಟ್ಟು ಉಳಿದವುಗಳಲ್ಲಿ ಒಂದೆರಡು ಒತ್ತಿಲ್ಲದೆ ಖಾಲಿ ಹೋದರೂ ನಡೆಯುತ್ತದೆ. ಆದರೆ ಎರಡು ಅಥವಾ ಹೆಚ್ಚು ಅಕ್ಷರಗಳ ಪದದ ಒತ್ತು ಬೆಸಸ್ಥಾನದಲ್ಲಿ ಕೂರುವುದನ್ನು ಕವಿಗಳು ಬಹುಮಟ್ಟಿಗೆ ಒಪ್ಪುವುದಿಲ್ಲ. ಈಗ ನಮ್ಮ ನಾಲ್ಕಕ್ಷರದ ಪದಕ್ಕೆ ಬನ್ನಿ. ಅದು ಸಾಲಿನ ಮೂರು ಮತ್ತು ನಾಲ್ಕನೆಯ ಸ್ಥಾನಗಳಲ್ಲಿದ್ದರೆ ಒತ್ತು ನಾಲ್ಕರ ಮೇಲೆ ಬೀಳಬೇಕು. ಆಗ ಅದು ‘ರುಕೀ’, ಒಂದೇ ಕೈ. ನಾಲ್ಕು ಮತ್ತು ಐದರಲ್ಲಿದ್ದರೆ ಅದು ‘ರೂಕಿ’, ಹಲವು ಕೈಗಳು. ಹೀಗೆ ಸಾಲಿನ ಸ್ವರಗಳನ್ನು ಬೆರಳಲ್ಲಿ ಎಣಿಸಿಯೇ ವಿಭಕ್ತಿ, ವಚನಗಳನ್ನು ಹಿಡಿಯಬಹುದು.

ಇಂದಿನ ನಿಘಂಟಿಗೂ ಛಂದಸ್ಸಿಗೂ ಜಗಳ ಬಂದರೆ, ಹಳೆಯ ಕವಿತೆಯಲ್ಲಿ ಛಂದಸ್ಸನ್ನೇ ಮೊದಲು ನಂಬಬೇಕು. ಸಂಗೀತಕ್ಕೆ ಇಂದು ‘ಮೂಜ಼ಿಕ’ ಎನ್ನುತ್ತಾರೆ. ಪುಷ್ಕಿನ್ ಕಾಲದಲ್ಲಿ ‘ಮುಜ಼ೀಕ’ ಎಂಬ ಉಚ್ಚಾರಣೆಯೂ ಚಾಲ್ತಿಯಲ್ಲಿತ್ತು. ವಾಚಕ ಇಂದಿನಂತೆ ಓದಿದರೆ ಸಾಲು ಅಲ್ಲೇ ಮುಗ್ಗರಿಸುತ್ತದೆ. ಸ್ವಚ್ಛಂದ ಪದ್ಯದಲ್ಲಿ ಮಾತ್ರ ಈ ಎಣಿಕೆ ಕೈಕೊಡುತ್ತದೆ. ಅಲ್ಲಿ ವಾಕ್ಯದ ಅರ್ಥ, ನಿಘಂಟು ಇವೆರಡೇ ಗತಿ.

ರಷ್ಯನ್ ಕವಿತೆಯನ್ನು ಅನುವಾದಿಸುವವರು ಕನ್ನಡದ ಮೊದಲ ಸಾಲು ಬರೆಯುವ ಮುನ್ನ ಮೂಲದ ಪ್ರತಿಯಲ್ಲಿ ಪೆನ್ಸಿಲ್ ಹಿಡಿದು ಒತ್ತುಗಳನ್ನು ಗುರುತಿಸಿಕೊಳ್ಳಲಿ. ಅನುಮಾನ ಬಂದ ಪದಕ್ಕೆ 1977ರಲ್ಲಿ ಹೊರಬಂದ ಜ಼ಲಿಜ಼್ನ್ಯಾಕ್ ಅವರ ವ್ಯಾಕರಣ ನಿಘಂಟು ನೋಡಲಿ. ಪದದ ಯಾವ ರೂಪದಲ್ಲಿ ಒತ್ತು ಎಲ್ಲಿಗೆ ಸರಿಯುತ್ತದೆ ಎಂಬುದು ಅದರ ಸಂಕೇತಗಳಿಂದ ತಿಳಿಯುತ್ತದೆ.