ಏಳು ತಿಂಗಳೊಳಗೆ ಹುಟ್ಟುಸಾಲ ಚುಕ್ತಾ!

ಮಾಗಡಿ ಸೀಮೆಯ ಗುಡೇಮಾರನಹಳ್ಳಿಯಲ್ಲಿ ಒಂದು ತಾರಸಿ. ಅದರ ಮೇಲೆ 540 ವ್ಯಾಟಿನ ಸೋಲಾರ್ ಪ್ಯಾನಲ್ ಒಂದನ್ನು ಕೂರಿಸಿದ್ದೇವೆ ಎಂದುಕೊಳ್ಳಿ. ಒಂದು ಯೂನಿಟ್ ಕರೆಂಟ್ ಕೊಡುವ ಮೊದಲೇ ಅದು ನೂರಾರು ಯೂನಿಟ್ ನುಂಗಿಕೊಂಡು ಬಂದಿರುತ್ತದೆ. ಆ ಸಾಲ ಅದು ತೀರಿಸುವುದಾದರೂ ಯಾವಾಗ?

ಸಾಲ ಹುಟ್ಟಿದ ಕಥೆಯೇ ಬೆರಗು ಹುಟ್ಟಿಸುತ್ತದೆ. ಬೆಣಚುಕಲ್ಲನ್ನು ಇದ್ದಿಲಿನ ಜೊತೆ ಸುಮಾರು 2000 ಡಿಗ್ರಿಯ ವಿದ್ಯುತ್ ಕುಲುಮೆಗೆ ಸುರಿದರೆ ಸಿಲಿಕಾನ್ ಇಳಿಯುತ್ತದೆ. ಆದರೆ ನೂರಕ್ಕೆ 99ರಷ್ಟು ಶುದ್ಧವಾದರೂ ಸೋಲಾರಿಗೆ ಅದು ಇನ್ನೂ ಕೊಳಕೇ! ಹಾಗಾಗಿ ಅದನ್ನು ಆವಿಯಾಗುವ ದ್ರವವಾಗಿಸಿ, ಬಟ್ಟಿ ಇಳಿಸಿ, ಆ ಆವಿಯನ್ನು ಮುಚ್ಚಿದ ಪಾತ್ರೆಯೊಳಗೆ ಬಿಡುತ್ತಾರೆ. ಒಳಗೆ ತೆಳ್ಳನೆಯ ಸಿಲಿಕಾನ್ ಸರಳುಗಳು ಕರೆಂಟ್ ಹರಿದು 1100 ಡಿಗ್ರಿಯಲ್ಲಿ ನಿಗಿನಿಗಿ ಉರಿಯುತ್ತಿರುತ್ತವೆ. ಅವುಗಳ ಮೈಮೇಲೆ ಶುದ್ಧ ಸಿಲಿಕಾನ್ ಪದರ ಪದರವಾಗಿ ಕೂರಲು ದಿನಗಟ್ಟಲೆ ಬೇಕು. ತಮಾಷೆ ನೋಡಿ, ಅಷ್ಟೂ ದಿನ ಪಾತ್ರೆಯ ಗೋಡೆಯನ್ನು ತಂಪಾಗಿಡಲೇಬೇಕು, ಇಲ್ಲದಿದ್ದರೆ ಸಿಲಿಕಾನ್ ಗೋಡೆಗೇ ಅಂಟುತ್ತದೆ. ಅಂದರೆ ಒಳಗೆ ಕಾಯಿಸಿದ ಶಾಖ ಹೊರಗೆ ಹರಿದುಹೋಗುತ್ತಲೇ ಇರುತ್ತದೆ. ಹೀಗೆ ಒಂದು ಕಿಲೋಗೆ ಸುಮಾರು 60 ಯೂನಿಟ್!

ನಮ್ಮ ಪ್ಯಾನಲ್ಲಿಗೆ ಬೇಕಾದದ್ದು ಒಂದು ಕಿಲೋಗಿಂತ ತುಸು ಹೆಚ್ಚು. ಅದನ್ನು ಮತ್ತೆ ಕರಗಿಸಿ, ಹರಳು ಬೆಳೆಸಿ, ವಜ್ರ ಲೇಪಿಸಿದ ತಂತಿಯಿಂದ ಮಿಲಿಮೀಟರಿನ ಆರೇಳನೇ ಒಂದು ಭಾಗದಷ್ಟು ತೆಳ್ಳಗೆ ಕೊಯ್ಯಬೇಕು. ಕೊಯ್ಯುವಾಗ ಒಂದಷ್ಟು ಪುಡಿಯಾಗಿ ಹೋಗುತ್ತದೆ. ಮೇಲಿನ ಗಾಜು, ಅಲ್ಯೂಮಿನಿಯಂ ಚೌಕಟ್ಟಿನ ಶಾಖವೆಲ್ಲ ಸೇರಿ ಒಟ್ಟು ಸುಮಾರು 400 ಯೂನಿಟ್ ಎಂದು ಅಂದಾಜಿಸೋಣ.

ಈಗ ಗಳಿಕೆ. ನಮ್ಮ ಬಿಸಿಲಿನಲ್ಲಿ ಈ ಪ್ಯಾನಲ್ ದಿನಕ್ಕೆ ಸರಾಸರಿ ಎರಡು ಯೂನಿಟ್, ವರ್ಷಕ್ಕೆ 750ರ ಆಸುಪಾಸು ಕೊಡುತ್ತದೆ. ಅಂದರೆ ಆರೂವರೆ ತಿಂಗಳಲ್ಲಿ ಸಾಲ ಮುಗಿಯಿತು! ಇನ್‌ವರ್ಟರ್, ಕಬ್ಬಿಣದ ಸ್ಟ್ಯಾಂಡು, ಸಾಗಣೆ ಸೇರಿಸಿದರೂ ಒಂದು ವರ್ಷದ ಆಸುಪಾಸು. ಆಯಸ್ಸೋ 25 ವರ್ಷ. 1970ರ ದಶಕದಲ್ಲಿ ಇದೇ ಲೆಕ್ಕ ಹತ್ತು ವರ್ಷ ದಾಟುತ್ತಿತ್ತು. 2004ರ ಸುಮಾರಿಗೂ ಒಂದು ವ್ಯಾಟಿಗೆ 16 ಗ್ರಾಂ ಸಿಲಿಕಾನ್ ಬೇಕಿತ್ತು, ಈಗ ಎರಡು ಗ್ರಾಂ ಚಿಲ್ಲರೆ ಸಾಕು.

ಆದರೆ ಇಷ್ಟೂ ಲೆಕ್ಕ ನಿಲ್ಲುವುದು ಬಂದ ಕರೆಂಟೆಲ್ಲ ಬಳಕೆಯಾದರೆ ಮಾತ್ರ. ಬರೀ ಬೋರ್‌ವೆಲ್ ಮೋಟರಿಗೆ ಕಟ್ಟಿದ ಪ್ಯಾನಲ್ ವರ್ಷದಲ್ಲಿ ನಾಲ್ಕೇ ತಿಂಗಳು ದುಡಿದರೆ ತೀರುವಳಿ ಮೂರುಪಟ್ಟು ಉದ್ದವಾಗುತ್ತದೆ. ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ‘ಸೂರ್ಯ ರೈತ’ ಯೋಜನೆ ಹಿಡಿದದ್ದು ಈ ಮರ್ಮವನ್ನೇ: ನೀರೆತ್ತಿ ಉಳಿದ ಕರೆಂಟ್ ಬೆಸ್ಕಾಂ ಜಾಲಕ್ಕೆ ಹೋಗಬೇಕು, ರೈತನಿಗೆ ದುಡ್ಡು ಬರಬೇಕು. ಹೊಲಕ್ಕೆ ಪ್ಯಾನಲ್ ಹಾಕಿಸುವವರು ಮೊದಲು ಕೇಳಬೇಕಾದದ್ದು ಇದನ್ನೇ: ಮೋಟರ್ ನಿಂತ ದಿನ ಕರೆಂಟ್ ಎಲ್ಲಿಗೆ ಹೋಗುತ್ತದೆ?