ಕೌಂಟರಿನಲ್ಲಿ ಕೇಳುವ ನಾಲ್ಕು ಪ್ರಶ್ನೆ

ಮಗಳ ಹೆರಿಗೆಗೆಂದು ಮೊದಲ ಸಲ ಅಮೆರಿಕಕ್ಕೆ ಹೊರಟ ಹಾಸನದ ತಾಯಿಯೊಬ್ಬರು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿದಿದ್ದಾರೆ ಅಂದುಕೊಳ್ಳಿ. ಪಾಸ್‌ಪೋರ್ಟಿನಲ್ಲಿ ಬಿ-2 ವೀಸಾ ಇದೆ. ಆದರೂ ಒಳಗೆ ಬಿಡಬೇಕೋ ಬೇಡವೋ, ಬಿಟ್ಟರೆ ಎಷ್ಟು ದಿನಕ್ಕೆ ಎಂದು ತೀರ್ಮಾನಿಸುವವರು ಇಮಿಗ್ರೇಶನ್ ಕೌಂಟರಿನಲ್ಲಿ ಕೂತ ಅಧಿಕಾರಿ. ಹೊರಡುವ ಮುಂಚೆ ಮನೆಯಲ್ಲಿ ಯಾರನ್ನಾದರೂ ಆ ಅಧಿಕಾರಿಯಾಗಿ ಕೂರಿಸಿಕೊಂಡು, ಇದನ್ನು ಗಟ್ಟಿಯಾಗಿ ಹೇಳಿ ನೋಡಿ.

ಅಧಿಕಾರಿ: ವಾಟ್ ಈಸ್ ದ ಪರ್ಪಸ್ ಆಫ್ ಯುವರ್ ವಿಸಿಟ್?
ತಾಯಿ: ಟು ವಿಸಿಟ್ ಮೈ ಡಾಟರ್. ಶೀ ಈಸ್ ಹ್ಯಾವಿಂಗ್ ಎ ಬೇಬಿ.
ಅಧಿಕಾರಿ: ವೇರ್ ವಿಲ್ ಯು ಸ್ಟೇ?
ತಾಯಿ: ವಿತ್ ಮೈ ಡಾಟರ್, ಇನ್ ಸ್ಯಾನ್ ಹೋಸೆ. ದಿಸ್ ಈಸ್ ದಿ ಅಡ್ರೆಸ್.
ಅಧಿಕಾರಿ: ಹೌ ಲಾಂಗ್?
ತಾಯಿ: ಫೋರ್ ಮಂತ್ಸ್. ದಿಸ್ ಈಸ್ ಮೈ ರಿಟರ್ನ್ ಟಿಕೆಟ್.
ಅಧಿಕಾರಿ: ಎನಿ ಫುಡ್ ವಿತ್ ಯು?
ತಾಯಿ: ಯೆಸ್. ಚಟ್ನಿ ಪೌಡರ್, ಪಿಕಲ್, ಸ್ವೀಟ್ಸ್.

ಯಾಕೆ ಬಂದಿರಿ ಎಂಬ ಮೊದಲ ಪ್ರಶ್ನೆಗೇ ನಮ್ಮವರು ಎಡವುವುದುಂಟು. ಬಾಣಂತಿಯ ಮನೆಯಲ್ಲಿ ಕೈಗೆಲಸಕ್ಕೆ ಆಗಲಿ ಅಂತ ಬಂದೆ ಎನ್ನುವ ಅರ್ಥದಲ್ಲಿ ‘ಟು ವರ್ಕ್’ ಅಂದುಬಿಡುತ್ತಾರೆ. ಪ್ರವಾಸಿ ವೀಸಾದಲ್ಲಿ ಉದ್ಯೋಗ ಮಾಡುವಂತಿಲ್ಲ. ಅಧಿಕಾರಿಯ ಕಿವಿಗೆ ಬಿದ್ದದ್ದು ಉದ್ಯೋಗವೇ ಆದರೆ, ಇನ್ನೊಂದು ಕೋಣೆಗೆ ಕರೆದೊಯ್ದು ಉದ್ದುದ್ದ ವಿಚಾರಿಸಬಹುದು. ಮಗಳನ್ನು ನೋಡಲು ಬಂದದ್ದು ನಿಜ, ಮೊದಲು ಅದನ್ನೇ ಹೇಳಿ. ಮಗುವಿನ ಬಗ್ಗೆ ಮುಂದೆ ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರಾಯಿತು.

ಎಷ್ಟು ದಿನ ಇರುತ್ತೀರಿ ಅಂದಾಗ ಕೆಲವರು ‘ಟೆನ್ ಇಯರ್ಸ್’ ಅನ್ನುತ್ತಾರೆ, ವೀಸಾದ ಮೇಲೆ ಹತ್ತು ವರ್ಷದ ಅವಧಿ ನೋಡಿರುತ್ತಾರಲ್ಲ! ಅದು ಬಂದು ಬಾಗಿಲು ತಟ್ಟಲು ಇರುವ ಅವಧಿ. ಈ ಸಲ ಒಳಗೆ ಎಷ್ಟು ದಿನ ಇರಬಹುದು ಎಂಬುದು ಬೇರೆ, ಸಾಮಾನ್ಯವಾಗಿ ಆರು ತಿಂಗಳು. ನೀವು ಹೇಳುವ ಅವಧಿ ಟಿಕೆಟಿನ ತಾರೀಖಿಗೆ ತಾಳೆಯಾಗಬೇಕು.

ತಿಂಡಿಯ ವಿಷಯದಲ್ಲಿ ಮುಚ್ಚಿಡಬೇಡಿ. ಇದೆ ಎಂದು ಹೇಳಿದರೆ ಹೆಚ್ಚೆಂದರೆ ಬೇಡವಾದದ್ದನ್ನು ತೆಗೆದಿಟ್ಟುಕೊಳ್ಳುತ್ತಾರೆ. ಇಲ್ಲ ಎಂದು ಹೇಳಿ ಸಿಕ್ಕಿಬಿದ್ದರೆ ದಂಡ ಬೀಳಬಹುದು. ಕರಿಬೇವು, ಹಣ್ಣು, ಬಿತ್ತನೆ ಬೀಜ ಮನೆಯಲ್ಲೇ ಇರಲಿ.

ಇವೆಲ್ಲಕ್ಕಿಂತ ಹೆಚ್ಚು ಅಭ್ಯಾಸ ಬೇಕಾದ ಮಾತು ಬೇರೆಯೇ ಇದೆ. ಅರ್ಥವಾಗದ ಪ್ರಶ್ನೆಗೆ ತಲೆಯಾಡಿಸಿ ‘ಯೆಸ್, ಯೆಸ್’ ಅನ್ನುವ ಬದಲು ಹೀಗೆ ಹೇಳಿ:

ತಾಯಿ: ಸಾರಿ, ಪ್ಲೀಸ್ ಸೇ ಇಟ್ ಸ್ಲೋಲಿ.

ಆಗಲೂ ತಿಳಿಯದಿದ್ದರೆ:

ತಾಯಿ: ಐ ಸ್ಪೀಕ್ ಕನ್ನಡ. ಇಂಟರ್‌ಪ್ರಿಟರ್, ಪ್ಲೀಸ್.

ದುಭಾಷಿಯನ್ನು ಕೇಳುವುದು ತಪ್ಪಲ್ಲ. ಅನೇಕ ಸಲ ಫೋನಿನಲ್ಲೇ ಮಾತಾಡಿಸುತ್ತಾರೆ.

ಬೆರಳಚ್ಚು, ಫೋಟೊ ಮುಗಿಸಿ ಮನೆ ಸೇರಿದ ಮೇಲೆ ಮಗಳು i94.cbp.dhs.gov ತೆರೆದು ಅಮ್ಮನ ಐ-94 ದಾಖಲೆ ನೋಡಲಿ. ಅಮ್ಮ ಯಾವ ತಾರೀಖಿನೊಳಗೆ ಹೊರಡಬೇಕು ಎಂಬುದು ಅದರಲ್ಲಿರುತ್ತದೆ.