ಕಟ್ಟುನಿಟ್ಟಿನ ಮೇಷ್ಟ್ರಿಗೆ ಮೊದಲ ಇಮೇಲ್

ತುಮಕೂರು ಕಡೆಯ ಒಬ್ಬ ಹುಡುಗಿ, ಎಂ.ಎ. ಕನ್ನಡ ಎರಡನೇ ವರ್ಷ. ತರಗತಿಯಲ್ಲಿ ಬಾಯಿ ಬಿಡುವವಳಲ್ಲ. ಶಾಸನಶಾಸ್ತ್ರ ಹೇಳಿಕೊಡುವ ಪ್ರಾಧ್ಯಾಪಕರೋ ತುಂಬ ಕಟ್ಟುನಿಟ್ಟು. ಕಿರುಪ್ರಬಂಧದ ವಿಷಯ ಏನಿದ್ದರೂ ಇಮೇಲ್‌ನಲ್ಲಿ ಬರೆದು ಕಳಿಸಿ, ಅರ್ಧಂಬರ್ಧ ಬರೆದದ್ದನ್ನು ನಾನು ಓದುವುದಿಲ್ಲ ಎಂದು ಮೊದಲ ದಿನವೇ ಹೇಳಿಬಿಟ್ಟಿದ್ದಾರೆ. ಇವಳ ಊರಿನ ಕೆರೆ ಏರಿಯ ಮೇಲೆ ಬರಹವಿರುವ ಒಂದು ವೀರಗಲ್ಲಿದೆ. ಅದರ ಮೇಲೆ ಕೆಲಸ ಮಾಡಬೇಕೆಂಬುದು ಅವಳ ಆಸೆ. ಅವಳ ಕಥೆಯನ್ನು ಹಿಡಿದುಕೊಂಡೇ ಇಂಥ ಇಮೇಲ್ ಹೇಗೆ ರೂಪುಗೊಳ್ಳಬೇಕೆಂದು ನೋಡೋಣ. ಹುಡುಗಿ ಕಲ್ಪಿತ, ಆದರೆ ಅವಳಿಗೆ ಎದುರಾಗುವ ತೊಡಕುಗಳೆಲ್ಲ ನಿಜವಾದವು.

ಮೊದಲ ಕರಡು

ಹಾಸ್ಟೆಲಿನ ಮಂಚದ ಮೇಲೆ ಕೂತು ಅವಳು ಬರೆದದ್ದು ಹೀಗಿತ್ತು:

“ಗೌರವಾನ್ವಿತ ಸರ್ ಅವರಿಗೆ ನನ್ನ ಅನಂತ ನಮಸ್ಕಾರಗಳು. ತಮ್ಮ ಅಮೂಲ್ಯ ಸಮಯವನ್ನು ಹಾಳು ಮಾಡುತ್ತಿರುವುದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ತಮಗೆ ನನ್ನ ನೆನಪು ಇರಲಿಕ್ಕಿಲ್ಲ, ನಾನು ಕೊನೆಯ ಬೆಂಚಿನಲ್ಲಿ ಕೂರುತ್ತೇನೆ. ನನಗೆ ಶಾಸನಗಳ ಬಗ್ಗೆ ಅಷ್ಟಾಗಿ ಗೊತ್ತಿಲ್ಲ. ನಮ್ಮ ಊರಿನಲ್ಲಿ ಒಂದು ಹಳೆಯ ಕಲ್ಲು ಇದೆ. ಅದರ ಬಗ್ಗೆ ತಾವು ಏನಾದರೂ ಮಾರ್ಗದರ್ಶನ ಮಾಡಿದರೆ ತಮಗೆ ಚಿರಋಣಿಯಾಗಿರುತ್ತೇನೆ. ತಪ್ಪಿದ್ದರೆ ದಯವಿಟ್ಟು ಕ್ಷಮಿಸಿ.”

ಏಳು ವಾಕ್ಯಗಳಲ್ಲಿ ಕಲ್ಲಿನ ಬಗ್ಗೆ ಇರುವುದು ಒಂದೇ ವಾಕ್ಯ. ಅದರಲ್ಲೂ ಅದು ವೀರಗಲ್ಲೆಂದಾಗಲಿ, ಅದರ ಮೇಲೆ ಬರಹ ಇದೆಯೆಂದಾಗಲಿ ಇಲ್ಲ. ಉಳಿದದ್ದೆಲ್ಲ ಅವಳ ಅಂಜಿಕೆ. ಮೇಷ್ಟ್ರು ಇದನ್ನು ಓದಿದರೆ ಏನು ಉತ್ತರ ಕೊಡಬೇಕು? “ಏನಾದರೂ ಮಾರ್ಗದರ್ಶನ” ಎಂಬುದಕ್ಕೆ ಒಂದು ಸಾಲಿನ ಉತ್ತರವೇ ಇಲ್ಲ. ಯಾವ ಕಲ್ಲು, ಎಲ್ಲಿದೆ, ಏನು ಬೇಕು ಎಂದು ಅವರೇ ತಿರುಗಿ ಕೇಳಬೇಕು. ಕಟ್ಟುನಿಟ್ಟಿನವರು ಉತ್ತರಿಸದೆ ಬಿಡುವುದು ಹೆಚ್ಚಾಗಿ ಇಂಥ ಪತ್ರಗಳಿಗೇ. ಬರೆದವಳ ವಿನಯ ಕಡಿಮೆಯಾಯಿತೆಂದು ಯಾರೂ ಬಿಡುವುದಿಲ್ಲ, ತಾವು ತೀರ್ಮಾನಿಸಬೇಕಾದ ವಿಷಯ ಅದರಲ್ಲಿ ಕಾಣುವುದಿಲ್ಲವೆಂದು ಬಿಡುತ್ತಾರೆ.

ಆದ್ದರಿಂದ ಬರೆಯುವ ಮೊದಲು ತನ್ನನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಓದಿ ಮುಗಿಸಿದ ಮೇಲೆ ಅವರು ಯಾವುದಕ್ಕೆ “ಆಗಬಹುದು” ಅಥವಾ “ಬೇಡ” ಎನ್ನಬೇಕು? ಇವಳ ಮಟ್ಟಿಗೆ ಅದು “ಈ ವೀರಗಲ್ಲನ್ನು ಕಿರುಪ್ರಬಂಧಕ್ಕೆ ತೆಗೆದುಕೊಳ್ಳಬಹುದೇ?” ಎಂಬುದು. ಈ ವಾಕ್ಯ ಮೊದಲ ಪ್ಯಾರಾದಲ್ಲೇ ಬರಬೇಕು. ಉಳಿದ ಪತ್ರವೆಲ್ಲ ಇದಕ್ಕೆ ಉತ್ತರ ಹೇಳಲು ಅವರಿಗೆ ಬೇಕಾಗುವ ಸಂಗತಿಗಳಷ್ಟೇ.

ಪತ್ರಕ್ಕೆ ಮೊದಲಿನ ಕೆಲಸ

ಸಂಗತಿಗಳನ್ನು ಹುಡುಕಲು ಹೋದಾಗಲೇ ಅವಳಿಗೆ ತನ್ನ ಕೈಯಲ್ಲಿ ಏನಿಲ್ಲ ಎಂಬುದು ತಿಳಿಯಿತು. ಶನಿವಾರ ಊರಿಗೆ ಹೋಗಿ ಕಲ್ಲನ್ನು ಅಳೆದಳು, ನಾಲ್ಕು ಅಡಿಯ ಮೇಲಿತ್ತು. ಸಾಮಾನ್ಯವಾಗಿ ಕಾಣಸಿಗುವ ಮೂರು ಹಂತದ ವೀರಗಲ್ಲು: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುತ್ತಿರುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ. ಹಂತಗಳ ನಡುವಿನ ಪಟ್ಟಿಗಳಲ್ಲಿ ಬರಹ. ನಡುಮಧ್ಯಾಹ್ನ ಏನೂ ಕಾಣಿಸಲಿಲ್ಲ. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಅಕ್ಷರಗಳ ಗೀರುಗಳಲ್ಲಿ ನೆರಳು ತುಂಬಿ ಸಾಲುಗಳು ಎದ್ದು ಕಂಡವು. ಎಣಿಸಿದರೆ ಐದು ಸಾಲು.

ಸೋಮವಾರ ಗ್ರಂಥಾಲಯಕ್ಕೆ ಹೋಗಿ ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 12ನೇ ಸಂಪುಟ ತೆಗೆದಳು. 1904ರಲ್ಲಿ ಬಂದ ಈ ಸಂಪುಟದಲ್ಲಿ ತುಮಕೂರು ಜಿಲ್ಲೆಯ ಶಾಸನಗಳು ತಾಲ್ಲೂಕುವಾರು ಇವೆ. ತಿಪಟೂರು ತಾಲ್ಲೂಕಿನ ಭಾಗದಲ್ಲಿ ಅವಳ ಊರಿನ ಹೆಸರು ಇರಲಿಲ್ಲ. ಖುಷಿಯಿಂದ ಕರಡಿನಲ್ಲಿ “ಇದು ಅಪ್ರಕಟಿತ ಶಾಸನ” ಎಂದು ಬರೆದಳು.

ಕಟ್ಟುನಿಟ್ಟಿನ ಓದುಗರ ಕಣ್ಣು ಮೊದಲು ಬೀಳುವುದು ಇಂಥ ವಾಕ್ಯದ ಮೇಲೆ. ಒಂದು ಸಂಪುಟದಲ್ಲಿ ಇಲ್ಲವೆಂದರೆ ಎಲ್ಲಿಯೂ ಪ್ರಕಟವಾಗಿಲ್ಲ ಎಂದಾಗುವುದಿಲ್ಲ. ರೈಸ್ ಅವರ ನಂತರವೂ ಎಷ್ಟೋ ಶಾಸನಗಳು ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳಲ್ಲಿ ಬಂದಿವೆ. ಅವಳು ಅದನ್ನು ಹೊಡೆದುಹಾಕಿ “12ನೇ ಸಂಪುಟದಲ್ಲಿ ನೋಡಿದೆ, ನಮ್ಮೂರಿನ ಹೆಸರು ಸಿಗಲಿಲ್ಲ” ಎಂದು ತಿದ್ದಿದಳು. ಎಲ್ಲಿ ಹುಡುಕಿದೆ, ಏನು ಸಿಕ್ಕಿತು, ಏನು ಸಿಗಲಿಲ್ಲ ಎಂದಷ್ಟೇ ಹೇಳಿದರೆ ಉಳಿದ ತೀರ್ಮಾನ ಅವರದು. “ನನಗೆ ಅಷ್ಟಾಗಿ ಗೊತ್ತಿಲ್ಲ” ಎಂಬ ಮಾತಿಗಿಂತ ಈ ಮಾತಿನಲ್ಲಿ ವಿನಯವೂ ಹೆಚ್ಚಿದೆ, ಕೆಲಸವೂ ಕಾಣುತ್ತದೆ.

ರಜಾ ಅರ್ಜಿಯಿಂದ ಏನು ಉಳಿಸಿಕೊಳ್ಳಬೇಕು

ನಮಗೆಲ್ಲ ಶಾಲೆಯಲ್ಲಿ ಕಲಿಸಿದ ಪತ್ರದ ಮಾದರಿ ಒಂದಿದೆ: ಇವರಿಂದ, ಇವರಿಗೆ, ಮಾನ್ಯರೇ, ವಿಷಯ, “ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಕೋರಿಕೊಳ್ಳುವುದೇನೆಂದರೆ”. ಇಮೇಲ್‌ನಲ್ಲಿ ಇವರಿಂದ, ಇವರಿಗೆ, ದಿನಾಂಕ ಮೂರೂ ತಾವಾಗಿಯೇ ಮೇಲೆ ಕಾಣುತ್ತವೆ, ಮತ್ತೆ ಬರೆಯಬೇಕಿಲ್ಲ. ವಿಷಯ ಮಾತ್ರ ಇಲ್ಲಿ ಇನ್ನೂ ಮುಖ್ಯ. ಅದು Subject ಎಂಬ ಜಾಗದಲ್ಲಿ ಹೋಗಬೇಕು, ಖಾಲಿ ಬಿಡಬಾರದು. ಮೊಬೈಲ್‌ನಲ್ಲಿ ಅದರ ಮೊದಲ ಕೆಲವು ಪದಗಳಷ್ಟೇ ಕಾಣುವುದರಿಂದ ಕೋರಿಕೆ ಮುಂದೆ ಇರಬೇಕು. ಸಂಬೋಧನೆಗೆ ತರಗತಿಯಲ್ಲಿ ಕರೆಯುವಂತೆಯೇ “ಸರ್, ನಮಸ್ಕಾರ” ಸಾಕು, ಮೇಷ್ಟ್ರು ಹೆಂಗಸಾದರೆ “ಮೇಡಂ, ನಮಸ್ಕಾರ”. ಪತ್ರದುದ್ದಕ್ಕೂ “ತಾವು, ತಮ್ಮ” ಎಂದು ಹಿಡಿದರೆ ಹಾಗೆಯೇ ಹೋಗಲಿ, ನಡುವೆ “ನೀವು” ಆಗುವುದು ಬೇಡ.

ಇಷ್ಟನ್ನು ಗಮನದಲ್ಲಿಟ್ಟು ಅವಳು ಹೊಸದಾಗಿ ಬರೆದದ್ದು ಇದು:

ವಿಷಯ: ಕಿರುಪ್ರಬಂಧಕ್ಕೆ ಒಪ್ಪಿಗೆ ಕೋರಿ – ತಿಪಟೂರು ತಾಲ್ಲೂಕಿನ ವೀರಗಲ್ಲು

“ಸರ್, ನಮಸ್ಕಾರ.

ನಾನು ಎಂ.ಎ. ಎರಡನೇ ವರ್ಷದ ವಿದ್ಯಾರ್ಥಿನಿ, ತಮ್ಮ ಶಾಸನಶಾಸ್ತ್ರ ತರಗತಿಯಲ್ಲಿದ್ದೇನೆ. ನಮ್ಮೂರಿನ ಕೆರೆ ಏರಿಯ ಮೇಲಿರುವ ವೀರಗಲ್ಲನ್ನು ಕಿರುಪ್ರಬಂಧದ ವಿಷಯವಾಗಿ ತೆಗೆದುಕೊಳ್ಳಬಹುದೇ ಎಂದು ಕೇಳಲು ಬರೆಯುತ್ತಿದ್ದೇನೆ.

ಕಲ್ಲು ನಾಲ್ಕು ಅಡಿಗಿಂತ ಸ್ವಲ್ಪ ಹೆಚ್ಚು ಎತ್ತರವಿದೆ. ಮೂರು ಹಂತಗಳ ಶಿಲ್ಪವಿದ್ದು, ನಡುವಿನ ಪಟ್ಟಿಗಳಲ್ಲಿ ಐದು ಸಾಲು ಬರಹವಿದೆ. ಮೊದಲ ಎರಡು ಸಾಲುಗಳಲ್ಲಿ ಕೆಲವು ಅಕ್ಷರಗಳನ್ನು ಓದಲು ಸಾಧ್ಯವಾಯಿತು, ಉಳಿದವು ಸವೆದಿವೆ. ಎಪಿಗ್ರಾಫಿಯಾ ಕರ್ನಾಟಿಕಾದ 12ನೇ ಸಂಪುಟದಲ್ಲಿ ನೋಡಿದೆ, ನಮ್ಮೂರಿನ ಹೆಸರು ಸಿಗಲಿಲ್ಲ.

ಕಲ್ಲಿನ ಎರಡು ಫೋಟೋ ಲಗತ್ತಿಸಿದ್ದೇನೆ. ವಿಷಯ ಆಗಬಹುದು ಎಂದಾದರೆ, ಪಡಿಯಚ್ಚು ತೆಗೆಯುವ ಬಗ್ಗೆ ಕೇಳಲು ಮುಂದಿನ ವಾರ ತಮಗೆ ಅನುಕೂಲವಾದ ಸಮಯದಲ್ಲಿ ಹದಿನೈದು ನಿಮಿಷ ಬಂದು ಕಾಣುತ್ತೇನೆ. ವಿಷಯ ಸಲ್ಲಿಸಲು ಈ ತಿಂಗಳ 28 ಕೊನೆಯ ದಿನ.

ವಂದನೆಗಳೊಂದಿಗೆ,”

ಕೆಳಗೆ ಹೆಸರು, ನೋಂದಣಿ ಸಂಖ್ಯೆ, ಮೊಬೈಲ್ ನಂಬರ್. ಕ್ಷಮೆ ಎಂಬ ಪದ ಎಲ್ಲಿಯೂ ಇಲ್ಲ, ಆದರೂ ಒರಟಾಗಿ ಕೇಳಿಸುವುದಿಲ್ಲ. ಭೇಟಿಗೆ ಎಷ್ಟು ಹೊತ್ತು ಬೇಕು, ತೀರ್ಮಾನ ಯಾವಾಗಿನೊಳಗೆ ಬೇಕು ಎಂದು ಹೇಳಿರುವುದೇ ಅವರ ಸಮಯಕ್ಕೆ ಕೊಟ್ಟ ಬೆಲೆ.

ಕಳಿಸುವ ಮುನ್ನ

ಕನ್ನಡದಲ್ಲಿ ಬರೆಯುವವರಿಗೆ ಒಂದು ವಿಶೇಷ ತೊಂದರೆ ಇದೆ. ಅವಳು ಕರಡನ್ನು ವಿಭಾಗದ ಕಂಪ್ಯೂಟರಿನಲ್ಲಿ ಹಳೆಯ ನುಡಿ ಫಾಂಟ್ ಬಳಸಿ ಟೈಪ್ ಮಾಡಿದ್ದಳು. ಅದನ್ನು ನಕಲು ಮಾಡಿ ಇಮೇಲ್‌ಗೆ ಅಂಟಿಸಿದಾಗ “ಕನ್ನಡ” ಎಂದಿದ್ದದ್ದು PÀ£ÀßqÀ ಎಂದು ಕಂಡಿತು. ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತವೆ. ಆ ಫಾಂಟ್ ಇಲ್ಲದ ಕಡೆ ಒಳಗಿರುವ ಇಂಗ್ಲಿಷ್ ಅಕ್ಷರಗಳೇ ಹೊರಬರುತ್ತವೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಅದರದೇ ಸಂಕೇತಗಳಿರುವುದರಿಂದ ಈ ಗೋಳಿಲ್ಲ. ನುಡಿಯ ಹೊಸ ಆವೃತ್ತಿಯಲ್ಲಿ ಯೂನಿಕೋಡ್ ಆಯ್ಕೆ ಇದೆ, ಮೊಬೈಲಿನ ಕನ್ನಡ ಕೀಲಿಮಣೆಗಳು ಬರೆಯುವುದೂ ಯೂನಿಕೋಡ್‌ನಲ್ಲೇ. ಸರಿಯಿದೆಯೇ ಎಂದು ತಿಳಿಯಲು ಪತ್ರವನ್ನು ಮೊದಲು ತನಗೇ ಕಳಿಸಿಕೊಂಡು ಬೇರೆ ಸಾಧನದಲ್ಲಿ ತೆರೆದು ನೋಡಿದರಾಯಿತು.

ಮುಂದಿನದು ಫೋಟೋ. ಅವಳು ಎಂಟು ಫೋಟೋ ತೆಗೆದಿದ್ದಳು. ಜಿಮೇಲ್‌ನಲ್ಲಿ ಲಗತ್ತಿನ ಮಿತಿ 25 ಎಂಬಿ. ದಾಟಿದರೆ ಅದು ಡ್ರೈವ್ ಲಿಂಕಾಗಿ ಹೋಗುತ್ತದೆ. ಅನುಮತಿ ಕೊಡದಿದ್ದರೆ, ತೆರೆಯಲು ಹೋದ ಮೇಷ್ಟ್ರಿಗೆ You need access ಎಂಬ ಪರದೆ ಎದುರಾಗುತ್ತದೆ. ಪೂರ್ಣ ಕಲ್ಲಿನದೊಂದು, ಅಕ್ಷರಗಳು ಹತ್ತಿರದಿಂದ ಕಾಣುವುದೊಂದು, ಎರಡೇ ಸಾಕು. ಫೈಲಿಗೆ IMG ಎಂದು ಶುರುವಾಗುವ ಅಂಕಿಗಳ ಸಾಲಿನ ಬದಲು ಊರಿನ ಹೆಸರು ಕೊಟ್ಟರೆ ಮುಂದೆ ಹುಡುಕಲು ಅವರಿಗೂ ಸುಲಭ.

ವಿಳಾಸವನ್ನು ಎಲ್ಲಕ್ಕಿಂತ ಕೊನೆಗೆ ತುಂಬಬೇಕು. To ಖಾಲಿ ಇದ್ದರೆ ಬೆರಳು ತಾಗಿದರೂ ಪತ್ರ ಹೋಗುವುದಿಲ್ಲ. ಜಿಮೇಲ್‌ನ ಸೆಟ್ಟಿಂಗ್‌ನಲ್ಲಿ Undo Send ಅವಧಿಯನ್ನು 5 ಸೆಕೆಂಡಿನಿಂದ 30ಕ್ಕೆ ಏರಿಸಿಕೊಂಡರೆ, ಕಳಿಸಿದ ಕೂಡಲೇ ಲಗತ್ತು ಮರೆತದ್ದು ನೆನಪಾದಾಗ ಹಿಂದಕ್ಕೆ ಪಡೆಯಬಹುದು. ಆಮೇಲೆ ಆಗುವುದಿಲ್ಲ.

ಉತ್ತರ ಬಂದ ಮೇಲೆ

ಮರುದಿನ ಬಂದ ಉತ್ತರ ಎರಡೇ ವಾಕ್ಯ: “ಬುಧವಾರ 3ಕ್ಕೆ ವಿಭಾಗಕ್ಕೆ ಬನ್ನಿ. ಪುರಾತತ್ವ ಇಲಾಖೆಯ ವರದಿಗಳನ್ನು ನೋಡಿದ್ದೀರಾ?” ನಮಸ್ಕಾರವಿಲ್ಲ, ಹೆಸರಿಲ್ಲ. ಅವಳಿಗೆ ಬೈದಂತೆಯೇ ಅನಿಸಿತು. ಆದರೆ ನಿಧಾನವಾಗಿ ಓದಿದರೆ, ಭೇಟಿಗೆ ಸಮಯ ಕೊಟ್ಟಿದ್ದಾರೆ, ಮುಂದೆ ಎಲ್ಲಿ ಹುಡುಕಬೇಕೆಂದೂ ತೋರಿಸಿದ್ದಾರೆ. ಸಂಕ್ಷಿಪ್ತ ಉತ್ತರವನ್ನು ಕೋಪವೆಂದು ತಿಳಿದು ಸುಮ್ಮನಾಗುವುದೇ ಸಂಕೋಚದವರು ಜಾರುವ ಜಾಗ.

ಅವಳು ಹೊಸ ಇಮೇಲ್ ತೆರೆಯದೆ ಅದರಲ್ಲೇ Reply ಒತ್ತಿ ಬರೆದಳು: “ಧನ್ಯವಾದ ಸರ್. ಬುಧವಾರ 3ಕ್ಕೆ ಬರುತ್ತೇನೆ. ವರದಿಗಳನ್ನು ಇನ್ನೂ ನೋಡಿಲ್ಲ, ಮಂಗಳವಾರದೊಳಗೆ ನೋಡಿಕೊಂಡು ಬರುತ್ತೇನೆ.” ವಿಷಯದ ಸಾಲನ್ನು ಬದಲಿಸದಿದ್ದರೆ ಹಿಂದಿನ ಪತ್ರ, ಫೋಟೋ ಎಲ್ಲವೂ ಒಂದೇ ಸರಣಿಯಲ್ಲಿ ಉಳಿಯುತ್ತವೆ. ಉತ್ತರವೇ ಬರದಿದ್ದರೆ ಒಂದು ವಾರ ಕಾದು, ಕಳಿಸಿದ ಪತ್ರದ ಸರಣಿಯಲ್ಲೇ “ಸರ್, ಕಳೆದ ವಾರದ ಈ ಪತ್ರವನ್ನು ದಯವಿಟ್ಟು ನೋಡಬೇಕೆಂದು ಕೋರುತ್ತೇನೆ, ವಿಷಯ ಸಲ್ಲಿಸಲು 28 ಕೊನೆಯ ದಿನ” ಎಂದು ಒಮ್ಮೆ ನೆನಪಿಸಬಹುದು. ಅದಕ್ಕೂ ಉತ್ತರವಿಲ್ಲವಾದರೆ ಪತ್ರದ ಪ್ರತಿ ಹಿಡಿದು ವಿಭಾಗಕ್ಕೆ ಹೋಗುವುದೇ ಸರಿ. ಕೇಳಬೇಕಾದ ಪ್ರಶ್ನೆ ಒಂದೇ ವಾಕ್ಯದಲ್ಲಿ ಸಿದ್ಧವಿದ್ದರೆ, ಬಾಗಿಲಲ್ಲಿ ನಿಂತು ಅದನ್ನು ಓದಿ ಹೇಳಿದರೂ ಸಾಕು.